ಶುಂಠಿ ಯಾವಾಗ ಬರ್ತದ ಇದರಾಗ?

ಹುಮನಾಬಾದಿನಲ್ಲಿ ಯಾರಿಗಾದರೂ ಅರ್ಜಿ ಬರೆಸುವುದಿದ್ದರೆ ಇವತ್ತಿಗೂ ಸುಜಾತಾಳ ಮನೆ ಹುಡುಕಿಕೊಂಡು ಹೋಗುತ್ತಾರೆ. ಬೀದಿದೀಪ, ರೇಷನ್ ಕಾರ್ಡು, ವಿಧವಾ ವೇತನ, ಪಹಣಿಯಲ್ಲಿ ತಪ್ಪಾದ ಹೆಸರು, ಯಾವುದೇ ಇರಲಿ, ಅವಳು ಬರೆದ ಕಾಗದವನ್ನು ಯಾವ ಗುಮಾಸ್ತನೂ ತಳ್ಳಿಹಾಕಿದ್ದಿಲ್ಲ. ಕಾರಣ ಅವಳ ಗುರು ಗುರುನಾಥ ಮಾಸ್ತರು. ಬಸವಕಲ್ಯಾಣದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮಾಸ್ತರು ಹುಡುಗಿಯರಿಗೆ ಬೆರಳಾಡಿಸುವುದನ್ನಷ್ಟೇ ಅಲ್ಲ, ಕಾಗದಕ್ಕೆ ಮೂರು ಅಂತಸ್ತು ಇರಬೇಕು ಅಂತಲೂ ಕಲಿಸಿದರು. ಮೊದಲನೆಯ ಅಂತಸ್ತಿನಲ್ಲಿ ನಮಸ್ಕಾರ ಮತ್ತು ಹೊಗಳಿಕೆ. ಎರಡನೆಯದರಲ್ಲಿ ನಮ್ಮ ಹಳೆಯ ಸಂಬಂಧ, ಅವರ ದೊಡ್ಡ ಮನಸ್ಸು. ಮೂರನೆಯದರಲ್ಲಿ, ಅದೂ ಕೊನೆಯ ಮೆಟ್ಟಿಲ ಮೇಲೆ, ನಮ್ಮ ವಿಷಯ. ಬಾಗಿಲಲ್ಲೇ ನಿಂತು ಕೈ ಚಾಚಬಾರದು, ಒಳಗೆ ಹೋಗಿ ಕೂತು ನೀರು ಕುಡಿದು ಆಮೇಲೆ ಮಾತು ತೆಗೆಯಬೇಕು ಎಂದು ಅವರು ಹೇಳುತ್ತಿದ್ದರು.

ಸುಜಾತಾಳ ಅಪ್ಪ ದೇವಿದಾಸ ಕೂಲಿ ಮಾಡಿದವನು. ಕಚೇರಿಗಳ ಮುಂದೆ ನಿಂತು ನಿಂತು ಚಪ್ಪಲಿ ಸವೆಸಿದವನು. ಹತ್ತೊಂಬತ್ತರ ಮಗಳು ಬರೆದುಕೊಟ್ಟ ಮೂರಂತಸ್ತಿನ ಒಂದು ಅರ್ಜಿಗೆ ಸಾಹೇಬರೊಬ್ಬರು ಅವನನ್ನು ಕರೆದು ಕುರ್ಚಿ ಕೊಟ್ಟರಂತೆ. ಆ ಕುರ್ಚಿಯ ಕತೆಯನ್ನು ಸಾಯುವತನಕ ಹೇಳಿದ. ಅಂಥ ವಿದ್ಯೆಯ ಮೇಲೆ ಅವಳಿಗೆ ಎಷ್ಟು ನಂಬಿಕೆ ಇದ್ದೀತು, ನೀವೇ ಅಂದಾಜು ಮಾಡಿ.

ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೆ ಅವಳು ನಾಗನಾಥ ಸಾವುಕಾರರ ಒಣಶುಂಠಿ ವ್ಯಾಪಾರದ ಆಫೀಸಿಗೆ ಸೇರಿದಳು. ಸುತ್ತಲ ಹಳ್ಳಿಗಳ ಹಸಿಶುಂಠಿ ಕೊಂಡು, ತೊಳೆದು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಒಣಗಿಸಿ, ಚೀಲ ತುಂಬಿ ಕಳಿಸುವುದು ಅವರ ಕೆಲಸ. ಆಫೀಸು ಹುಮನಾಬಾದಿನಲ್ಲಿ, ಒಣಗಿಸುವ ಜಾಗ ಮತ್ತು ಗೋದಾಮು ಬಸವಕಲ್ಯಾಣದಲ್ಲಿ. ಆ ಗೋದಾಮಿನಲ್ಲಿ ಮಾಲು ಆರಿಸುವ ಹೆಂಗಸರ ಮುಖ್ಯಸ್ಥೆ ಬೇರೆ ಯಾರೂ ಅಲ್ಲ, ಸುಜಾತಾಳ ತಾಯಿ ದ್ರೌಪತಿ. ಮಗಳು ಆಫೀಸಿನ ಕಂಪ್ಯೂಟರಿನ ಮುಂದೆ, ತಾಯಿ ಶುಂಠಿಯ ರಾಶಿಯ ಮುಂದೆ.

ಮೂರು ವರ್ಷದ ಹಿಂದೆ ನೆದರ್ಲೆಂಡ್ಸ್ ದೇಶದಿಂದ ಹೆಂಕ್ ಎಂಬ ಗಿರಾಕಿ ಸಿಕ್ಕಿದ. ಅಲ್ಲಿಯ ಚಹಾಪುಡಿ ಕಂಪನಿಗಳಿಗೆ ಒಣಶುಂಠಿ ಒದಗಿಸುವವನು. ಅವನಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವ ಕೆಲಸ ಸುಜಾತಾಳದಾಯಿತು. ಹೆಸರು ಮಾತ್ರ ಕೆಳಗೆ ನಾಗನಾಥರದು. ಎಷ್ಟಾದರೂ ಕಂಪನಿ ಅವರದು ತಾನೆ. ಆದರೂ ಸಮುದ್ರ ದಾಟಿ ಹೋಗುವ ಮಾತು ತನ್ನ ಬೆರಳಿನಿಂದ ಹೊರಡುತ್ತದೆಂಬ ಖುಷಿಗೆ ಅವಳು ಇಮೇಲ್ ಬರೆಯುವ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬರುತ್ತಿದ್ದಳು. ಹೆಂಕ್‌ಗೇನು ಕಾಣುತ್ತದೆಯೇ ಎಂದು ಯಾರಾದರೂ ಕೇಳಿದರೆ ನಗುತ್ತಿದ್ದಳು.

ತೊಂದರೆ ಏನೆಂದರೆ ಹೆಂಕ್‌ನ ಉತ್ತರಗಳು. ಅವಳು ಒಂದೂವರೆ ಪುಟ ಬರೆದರೆ ಅವನದು ಒಂದೂವರೆ ಸಾಲು. ನಿಮ್ಮ ಮನೆಯವರೆಲ್ಲರ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇವೆ ಅಂತ ಬರೆದರೆ ಅದಕ್ಕೆ ಉತ್ತರವೇ ಇಲ್ಲ. ‘ಬಂತು. ಎರಡು ಚೀಲ ಸರಿಯಿಲ್ಲ. ಯಾಕೆ?’ ಇಷ್ಟೇ. ನಮಸ್ಕಾರವಿಲ್ಲ, ಮಾನ್ಯರೇ ಇಲ್ಲ. ನಾಗನಾಥರು ಅದನ್ನು ಓದಿ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

“ಸಿಟ್ಟಾಗ್ಯಾನ ನೋಡು ಸುಜಾತಾ. ಜರಾ ಸಮಾಧಾನ ಮಾಡಿ ಬರಿ.”

ಅವಳು ಇನ್ನಷ್ಟು ಸಮಾಧಾನ ಮಾಡಿ ಬರೆಯುತ್ತಿದ್ದಳು. ಮೂರಂತಸ್ತು ನಾಲ್ಕಾಗುತ್ತಿತ್ತು. ಕ್ಷಮೆ ಕೇಳಿ, ಕ್ಷಮೆ ಕೇಳಿದ್ದಕ್ಕೆ ಮತ್ತೆ ಕ್ಷಮೆ ಕೇಳಿ ಕಳಿಸಿದರೆ ಅಲ್ಲಿಂದ ಒಂದೇ ಪದ ಬರುತ್ತಿತ್ತು. ‘ಆಯ್ತು.’ ಇವರು ಹಿಗ್ಗಿಸಿದಷ್ಟೂ ಅವನು ಕುಗ್ಗಿಸಿದ, ಅವನು ಕುಗ್ಗಿಸಿದಷ್ಟೂ ಇವರು ಹಿಗ್ಗಿಸಿದರು. ಹೀಗೆ ಮೂರು ವರ್ಷ ಹೋಯಿತೆಂದರೆ ಶುಂಠಿ ಒಳ್ಳೆಯದಿತ್ತು ಅನ್ನುವ ಕಾರಣಕ್ಕೆ ಮಾತ್ರ.

ಈ ವರ್ಷದ ಜನವರಿಯಲ್ಲಿ ಎಡವಟ್ಟಾಯಿತು. ಮಾಲು ಆರು ದಿನ ತಡವಾಗುವುದಿತ್ತು. ಸುಜಾತಾ ಅದನ್ನು ಬರೆದಳು, ಬರೆಯಲಿಲ್ಲವೆಂದಲ್ಲ. ಹೊಸ ವರ್ಷದ ಶುಭಾಶಯದ ನಂತರ, ಸಂಕ್ರಾಂತಿಯ ವಿವರಣೆಯ ನಂತರ, ನಿಮ್ಮಂಥ ಹಿರಿಯರ ಸಹಕಾರ ಹೀಗೇ ಇರಲಿ ಎಂಬುದರ ಪಕ್ಕದಲ್ಲಿ, ‘ಸ್ವಲ್ಪ ಹೆಚ್ಚುಕಡಿಮೆ ಆಗುವ ಸಂಭವವಿದ್ದು ತಾವು ಅನ್ಯಥಾ ಭಾವಿಸಬಾರದು’ ಎಂದು ಮೆಲ್ಲಗೆ ಕೂರಿಸಿದ್ದಳು. ಯಾವ ದಿನ ಬರುತ್ತದೆ ಎಂದು ಎಲ್ಲೂ ಇರಲಿಲ್ಲ. ಅಂಥದ್ದನ್ನು ಮುಖದ ಮೇಲೆ ಹೇಳುವುದು ಹೇಗೆ? ಹೆಂಕ್‌ಗೆ ಅದು ಕಾಣಲೇ ಇಲ್ಲ. ತನ್ನ ಗಿರಾಕಿಗೆ ಹಳೆಯ ತಾರೀಖನ್ನೇ ಮಾತು ಕೊಟ್ಟ, ಮಾಲು ಬರಲಿಲ್ಲ, ಬೈಸಿಕೊಂಡ. ಆಮೇಲೆ ಅವನಿಂದ ಬಂದ ಇಮೇಲ್ ಮೂರು ವರ್ಷದಲ್ಲೇ ಉದ್ದನೆಯದು. ‘ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಮಸ್ಯೆ ಇದೆ ಎಂದು ಗೊತ್ತೇ ಆಗಲಿಲ್ಲ. ಉದ್ದದ ಪತ್ರ ಬೇಡ. ಸಮಸ್ಯೆ ಇದ್ದರೆ ಮೊದಲ ಸಾಲಿನಲ್ಲಿ ಹೇಳಿ. ಮತ್ತೆ ಹೀಗಾದರೆ ಬೇರೆಯವರಿಂದ ಕೊಳ್ಳುತ್ತೇನೆ.’

ನಾಗನಾಥರು ಅದನ್ನು ಓದಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸುಜಾತಾಳನ್ನು ಕರೆದರು. ಕೆಟ್ಟ ಮನುಷ್ಯರಲ್ಲ ಅವರು, ಆದ್ದರಿಂದಲೇ ಅವಳ ಮುಖ ನೋಡದೆ ಕ್ಯಾಲೆಂಡರು ನೋಡುತ್ತ ಮಾತಾಡಿದರು.

“ಮುಂಬೈದಾಗ ಒಬ್ಬ ಏಜೆಂಟ್ ಅದಾನ. ಪರದೇಶದವರ ಕೂಡ ಮಾತಾಡೋದು ಅವನಿಗಿ ಬರಾಬರ್ ಗೊತ್ತದ. ಮಾರ್ಚಿನಿಂದ ಹೆಂಕ್‌ನ ಇಮೇಲ್ ಅವನೇ ನೋಡ್ಕೋತಾನ. ನಿನಗ ಬ್ಯಾರೆ ಕೆಲಸ ಭಾಳ ಅದಾವ, ಚಿಂತಿ ಮಾಡಬ್ಯಾಡ.”

“ಹೌದ್ರಿ ಸಾವುಕಾರ್ರ,” ಅಂದಳು ಸುಜಾತಾ. ಬೇರೆ ಏನನ್ನಬೇಕು? ಸಂಬಳ ಅದೇ, ಕುರ್ಚಿ ಅದೇ. ಆದರೆ ಊರೆಲ್ಲ ಹುಡುಕಿಕೊಂಡು ಬರುವ ಅವಳ ಕೈಯಿಂದ ಬರವಣಿಗೆಯನ್ನೇ ಕಿತ್ತುಕೊಂಡಂತಾಯಿತು. ಅಪ್ಪನಿಗೆ ಸಿಕ್ಕ ಆ ಕುರ್ಚಿ ನೆನಪಾಗಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ತಾಯಿಯ ಫೋನು ಬಂತು. ದ್ರೌಪತಿ ಫೋನಿನಲ್ಲಿ ಯಾವತ್ತೂ ಹಲೋ ಅಂದವಳಲ್ಲ.

“ಮೂರನೇ ಲಾಟ್ ಹಸಿ ಅದ. ಮೀಟರ್ ತಗೊಂಡು ಬಾ.” ಫೋನು ಇಟ್ಟಳು.

ಶನಿವಾರ ಬೆಳಿಗ್ಗೆ ಕಂಟೇನರು ಬಂದು ನಿಲ್ಲುವುದಿತ್ತು. ಒಂಬತ್ತು ಟನ್ನು, ಮುನ್ನೂರ ಅರವತ್ತು ಚೀಲ, ಎಲ್ಲವೂ ಹೆಂಕ್‌ನದು. ತೇವ ನೂರಕ್ಕೆ ಹತ್ತಕ್ಕಿಂತ ಹೆಚ್ಚಿರಬಾರದು ಎಂದು ಕರಾರು. ಒಂದು ಲಾಟು, ಅಂದರೆ ಒಟ್ಟಿಗೆ ಒಣಗಿಸಿದ ಒಂದು ಕಂತು, ಹಸಿಯಿದ್ದರೆ ಹಡಗಿನಲ್ಲಿ ತಿಂಗಳುಗಟ್ಟಲೆ ಕೂತು ಬೂಸಲು ಹಿಡಿಯುತ್ತದೆ, ಪಕ್ಕದ ಚೀಲಗಳನ್ನೂ ಕೆಡಿಸುತ್ತದೆ. ಸುಜಾತಾ ತೇವ ಅಳೆಯುವ ಮೀಟರನ್ನು ಬ್ಯಾಗಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು. ಬಸ್ಸು ಹೆದ್ದಾರಿ ಹಿಡಿದು ಬಂಗ್ಲಾ ಕ್ರಾಸಿನಲ್ಲಿ ಬಸವಕಲ್ಯಾಣದ ಕಡೆ ತಿರುಗುವವರೆಗೂ ಅವಳು ಸೀಟಿನ ತುದಿಯಲ್ಲೇ ಕೂತಿದ್ದಳು.

ಗೋದಾಮಿನಲ್ಲಿ ಹನ್ನೆರಡು ಹೆಂಗಸರು ಎರಡು ಸಾಲಾಗಿ ಕೂತು ಒಂದೆರಡು ಚೀಲ ಬಿಚ್ಚಿ ಸುರಿದುಕೊಂಡು ಕೊನೆಯ ಆರಿಸುವಿಕೆ ನಡೆಸಿದ್ದರು. ದ್ರೌಪತಿ ಒಂದು ಬಿಲ್ಲೆ ಎತ್ತಿ ಬೆರಳಲ್ಲಿ ಮುರಿದು ತೋರಿಸಿದಳು. ಒಣಗಿದ ಶುಂಠಿ ಟಕ್ ಅಂತ ಮುರಿಯಬೇಕು. ಇದು ಬಾಗಿತು, ಮುರಿಯಲಿಲ್ಲ. ಸುಜಾತಾ ಚೀಲ ಚೀಲಕ್ಕೆ ಹೋಗಿ ಮೀಟರು ಇಟ್ಟಳು. ಮೂರನೆಯ ಲಾಟಿನ ಎಂಬತ್ತು ಚೀಲದಲ್ಲಿ ಎಲ್ಲಿ ನೋಡಿದರೂ ಹನ್ನೆರಡೂವರೆ, ಹದಿಮೂರು. ಉಳಿದ ಲಾಟುಗಳಲ್ಲಿ ಒಂಬತ್ತೂವರೆ ದಾಟಲಿಲ್ಲ. ಹೋದ ವಾರ ಎರಡು ದಿನ ಬಿದ್ದ ದಟ್ಟ ಮಂಜಿಗೆ ಒಣಗಿಸುವ ಪ್ಲಾಸ್ಟಿಕ್ ಗುಡಾರದ ಹರುಕಿನಿಂದ ತೇವ ಒಳಬಂದಿದೆ. ಯಾರೂ ಗಮನಿಸಿಲ್ಲ, ಚೀಲ ಹೊಲಿದುಬಿಟ್ಟಿದ್ದಾರೆ.

ನಾಗನಾಥರಿಗೆ ಫೋನು ಮಾಡಿದಳು. ಅವರು ಚಿಟಗುಪ್ಪದಲ್ಲಿ ಒಬ್ಬ ರೈತನ ಶುಂಠಿ ನೋಡಲು ಹೋಗಿದ್ದರು.

“ಅಯ್ಯ, ಜನವರಿದಾಗ ಅಷ್ಟು ಅಂದಾನ, ಈಗ ನಾವೇ ಹೋಗಿ ಮಾಲ್ ಹಸಿ ಅದ ಅಂತ ಹೇಳೋದಾ? ನಮ್ಮ ಕಾಲಮ್ಯಾಲ ನಾವೇ ಕೊಡ್ಲಿ ಹಾಕ್ಕೊಂಡಂಗ. ಹಂಗಂತ ಮುಚ್ಚಿಡಾಕೂ ಬರಲ್ಲ. ಒಂದು ಚೊಲೊ ಪತ್ರ ಬರಿ. ಮನಸಿಗಿ ನೋವಾಗದಂಗ, ಮೆಲ್ಲಗ ತಿಳಿಸು. ಇದೊಂದು ಸಲ ನಿನ್ನ ಪೂರಾ ವಿದ್ಯೆ ಹಾಕು. ನಾ ಸಂಜಿಕಿ ನೋಡ್ತೀನಿ, ಆಮ್ಯಾಲ ಕಳಸಮು.”

ಪೂರಾ ವಿದ್ಯೆ. ಸುಜಾತಾಳಿಗೆ ಉತ್ಸಾಹ ಬಂತು. ಇದು ಕೊನೆಯ ಪತ್ರವಾದರೂ ಆಗಲಿ, ಎಂಥ ಪತ್ರ ಬರೆಯುತ್ತೇನೆಂದರೆ ಮುಂಬೈಯವನೂ ಬಾಯಿ ಬಿಡಬೇಕು. ತಾಯಿಯ ಪಕ್ಕದಲ್ಲೇ ಒಂದು ಚೀಲದ ಮೇಲೆ ಕೂತು ಮೊಬೈಲಿನಲ್ಲಿ ಶುರುಮಾಡಿದಳು. ಅರ್ಧ ಗಂಟೆ ಬೆರಳು ಓಡಿದ್ದೇ ಓಡಿದ್ದು.

“ಏನ್ ಬರದಿ ಇಷ್ಟೊತ್ತು?” ದ್ರೌಪತಿ ತಲೆ ಎತ್ತದೆ ಕೇಳಿದಳು. “ಓದು.”

ಸುಜಾತಾ ಕನ್ನಡಕ್ಕೆ ತಿರುಗಿಸುತ್ತ ಓದಿದಳು. ಗೌರವಾನ್ವಿತ ಮಹನೀಯರೇ. ತಮ್ಮ ಮತ್ತು ತಮ್ಮ ಕುಟುಂಬದ ಕ್ಷೇಮವನ್ನು ಸದಾ ಬಯಸುತ್ತೇವೆ. ಮೂರು ವರ್ಷಗಳ ನಮ್ಮ ಅಮೂಲ್ಯ ಬಾಂಧವ್ಯವನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಬಾಂಧವ್ಯದ ನಂತರ ಹವಾಮಾನ ಬಂತು, ಹವಾಮಾನದ ನಂತರ ರೈತರ ಕಷ್ಟ ಬಂತು. ದ್ರೌಪತಿಯ ಕೈ ನಿಲ್ಲಲಿಲ್ಲ. ಟಕ್ ಅಂತ ಮುರಿದದ್ದು ಬಲಕ್ಕೆ, ಬಾಗಿದ್ದು ಎಡಕ್ಕೆ. ನಾಲ್ಕನೆಯ ಪ್ಯಾರಾ ನಡೆದಿರುವಾಗ ಅವಳು ಮಗಳ ಮುಖ ನೋಡಿದಳು.

“ಶುಂಠಿ ಯಾವಾಗ ಬರ್ತದ ಇದರಾಗ?”

ಎರಡೂ ಸಾಲಿನ ಹೆಂಗಸರು ಗೊಳ್ಳೆಂದು ನಕ್ಕರು. ಸುಜಾತಾಳ ಕಿವಿ ಬಿಸಿಯಾಯಿತು.

“ಬರ್ತದವ್ವ, ಕೆಳಗದ. ಹಂಗ ಒಮ್ಮೆಲೆ ಹೇಳಿದ್ರ ಮರ್ಯಾದಿ ಇರ್ತದೇನು?”

“ಅಂವ ಅಲ್ಲಿ ಏನ್ ಮಾಡಾಕತ್ತಾನ? ಗೋದಾಮು ನೋಡ್ಕೋತಾನ, ಗಿರಾಕಿ ನೋಡ್ಕೋತಾನ. ನಿನ್ನ ಪುರಾಣ ಕೇಳಾಕ ಕುಂತಾನೇನು? ಮುದ್ದಾ, ಅಸಲ್ ಮಾತು, ಏನದ ಅದು ಹೇಳು.” ಅಷ್ಟು ಹೇಳಿ ಅವಳು ಪಕ್ಕದ ಹೆಂಗಸಿನ ಬುಟ್ಟಿಗೆ ಕೈ ಹಾಕಿ ಒಂದು ಬಿಲ್ಲೆ ತೆಗೆದಳು. “ಹಸಿ. ತಗಿ.”

ಆ ಹೆಂಗಸು ಅದನ್ನು ತೆಗೆದು ಎಡಕ್ಕೆ ಎಸೆದಳು. ಮುಖ ಸಿಂಡರಿಸಲಿಲ್ಲ, ಮನಸ್ಸಿಗೂ ಹಚ್ಚಿಕೊಳ್ಳಲಿಲ್ಲ. ಎರಡು ನಿಮಿಷದ ನಂತರ ಅವಳೇ ದ್ರೌಪತಿಗೆ, “ಅಕ್ಕ, ಇದು ಕಪ್ಪದ. ನೀ ನೋಡಿಲ್ಲ,” ಅಂದಳು. ದ್ರೌಪತಿ ಹೌದೆಂದು ತೆಗೆದಿಟ್ಟಳು.

ಸುಜಾತಾ ಚೀಲದ ಮೇಲೆ ನೆಟ್ಟಗೆ ಕೂತಳು. ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತಿದು. ಹಸಿ, ತೆಗಿ. ಕಪ್ಪು, ತೆಗಿ. ಚೊಲೊ, ಹಾಕು. ಇವರಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗಿಲ್ಲ. ಕೆಲಸ ಮಾಡುವಾಗ ಕೆಲಸದ ಮಾತು, ಅಷ್ಟೇ. ಸಾವುಕಾರರು ಬಂದು ನಿಂತರೆ ಮಾತ್ರ ಇದೇ ಹೆಂಗಸರು ಸೆರಗು ಸರಿಮಾಡಿಕೊಂಡು, ತಪ್ಪು ತಿಳಿಬ್ಯಾಡ್ರಿ ಅಂತ ಶುರುಮಾಡುತ್ತಾರೆ. ಹೆಂಕ್‌ನ ಒಂದೂವರೆ ಸಾಲು ಹಾಗಾದರೆ ಬೈಗುಳವಲ್ಲ. ‘ಎರಡು ಚೀಲ ಸರಿಯಿಲ್ಲ. ಯಾಕೆ?’ ಅಂದರೆ ಎರಡು ಚೀಲ ಯಾಕೆ ಕೆಟ್ಟವು ಅಂತ ಅವನಿಗೆ ತಿಳಿಯಬೇಕು, ಅಷ್ಟೇ. ಮೂರು ವರ್ಷದಿಂದ ಅವನು ತನ್ನನ್ನು ಈ ಸಾಲಿನಲ್ಲಿ ಪಕ್ಕದಲ್ಲಿ ಕೂತವಳಂತೆ ನೋಡಿ ಮಾತಾಡಿಸುತ್ತಿದ್ದಾನೆ, ತಾನು ಮಾತ್ರ ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿದ್ದೇನೆ. ಇದು ಹೊಳೆದದ್ದೇ ಅವಳಿಗೆ ಎಂಥ ಸಂತೋಷವಾಯಿತೆಂದರೆ ಕೂತಲ್ಲಿಂದ ಎದ್ದು ನಿಂತುಬಿಟ್ಟಳು.

“ಅವ್ವ, ನೀ ಅವನ ಮುಂದ ನಿಂತಿದ್ರ ಹ್ಯಾಂಗ ಹೇಳ್ತಿದ್ದಿ?”

“ಹ್ಯಾಂಗೇನು? ಮೂರನೇ ಲಾಟ್ ಹಸಿ ಅದ. ಉಳಿದಿದ್ದು ಚೊಲೊ ಅದ. ಅದನ್ನ ಬಿಟ್ಟು ಕಳಸ್ಲಾ, ಎಲ್ಲಾ ನಿಂದರಸ್ಲಾ?”

ಸುಜಾತಾ ಬರೆದದ್ದನ್ನೆಲ್ಲ ಅಳಿಸಿದಳು. ಅರ್ಧ ಗಂಟೆಯ ಬಾಂಧವ್ಯ, ಹವಾಮಾನ, ಕೃತಜ್ಞತೆ ಎಲ್ಲ ಒಂದು ಬೆರಳಿಗೆ ಹೋದವು. ಮೊದಲು ಬರೆದದ್ದು ತೀರಾ ಬೋಳಾಯಿತು. ‘ಮೂರನೇ ಲಾಟು ಹಸಿ. ಹೇಳಿ.’ ಇದು ಬೇಡ, ಇದರಲ್ಲಿ ಅವನಿಗೆ ಬೇಕಾದ್ದೇ ಇಲ್ಲ. ಎಷ್ಟು ಹಸಿ, ಎಷ್ಟು ಚೀಲ, ಯಾಕಾಯಿತು, ಮುಂದೇನು? ಕಡಿಮೆ ಬರೆಯುವುದೆಂದರೆ ಬೇಕಾದ್ದನ್ನೂ ಬಿಡುವುದಲ್ಲವಲ್ಲ. ಮತ್ತೆ ಕೂತು, ಒಂದೊಂದು ಪದವನ್ನೂ ಶುಂಠಿಯ ಬಿಲ್ಲೆಯಂತೆ ಮುರಿದು ನೋಡುತ್ತ ಬರೆದಳು. ವಿಷಯದ ಜಾಗದಲ್ಲೇ ಹಾಕಿದಳು: ‘ಮೂರನೇ ಲಾಟಿನಲ್ಲಿ ತೇವ ಹೆಚ್ಚು, ಇಂದು ನಿಮ್ಮ ನಿರ್ಧಾರ ಬೇಕು’. ಕೆಳಗೆ ಹೀಗಿತ್ತು:

‘ನಮಸ್ಕಾರ ಹೆಂಕ್. ಮೂರನೇ ಲಾಟು (80 ಚೀಲ, 2 ಟನ್) ಕರಾರಿಗೆ ಸರಿಹೊಂದುವುದಿಲ್ಲ. ತೇವ 12.5ರಿಂದ 13. ಉಳಿದ 7 ಟನ್ ಸರಿಯಾಗಿದೆ, 9.5 ದಾಟಿಲ್ಲ. ಕಾರಣ: ಒಣಗಿಸುವ ಗುಡಾರ ಹರಿದಿತ್ತು, ಈಗ ಹೊಲಿಸುತ್ತಿದ್ದೇವೆ.

ಒಂದು: ಶನಿವಾರ 7 ಟನ್ ಕಳಿಸುವುದು, 2 ಟನ್ ಮತ್ತೆ ಒಣಗಿಸಿ ಮಾರ್ಚಿನ ಕಂಟೇನರಿನಲ್ಲಿ ಕಳಿಸುವುದು. ಎರಡು: ಎಲ್ಲವನ್ನೂ ಹತ್ತು ದಿನ ತಡೆದು ಒಟ್ಟಿಗೆ ಕಳಿಸುವುದು. ನಮ್ಮ ಸಲಹೆ ಒಂದು. ಯಾವುದು ಬೇಕೆಂದು ಇಂದು ನಿಮ್ಮ ಮಧ್ಯಾಹ್ನದೊಳಗೆ ತಿಳಿಸಿ. ತಡವಾಗಿ ಹೇಳಿದ್ದಕ್ಕೆ ಕ್ಷಮಿಸಿ.’

ಕ್ಷಮೆ ಒಂದೇ ಸಲ. ಅದನ್ನು ಎರಡು ಸಲ ಬರೆಯದಿರಲು ಅವಳು ತನ್ನ ಕೈಯನ್ನು ತಾನೇ ಹಿಡಿದುಕೊಳ್ಳಬೇಕಾಯಿತು. ಮೀಟರಿನ ಫೋಟೋ ಸೇರಿಸಿದಳು. ಗಂಟೆ ಒಂದೂ ನಲವತ್ತು. ಅಲ್ಲಿ ಬೆಳಗಿನ ಒಂಬತ್ತು ದಾಟಿದೆ, ಹೆಂಕ್ ಈಗ ತಾನೇ ಕುರ್ಚಿಗೆ ಬಂದಿರುತ್ತಾನೆ. ಸಾವುಕಾರರು ನೋಡುವ ಸಂಜೆಗೆ ಕಾದರೆ ಅವನ ಅರ್ಧ ದಿನ ಹೋಗುತ್ತದೆ, ಕಂಟೇನರಿನವರಿಗೆ ಹೇಳಲು ಶುಕ್ರವಾರ ಒಂದೇ ಉಳಿಯುತ್ತದೆ. ಫೋನು ಮಾಡಿದಳು, ಚಿಟಗುಪ್ಪದ ಹೊಲದಲ್ಲಿ ಅವರ ಫೋನು ಹತ್ತಲಿಲ್ಲ. ಮತ್ತೆ ಮಾಡಿದಳು, ಹತ್ತಲಿಲ್ಲ. ಕಳಿಸುವ ಗುಂಡಿ ಒತ್ತಿಬಿಟ್ಟಳು. ಹೋದ ಮೇಲೆ ಕಂಡಿತು, ಕೆಳಗೆ ನಾಗನಾಥರ ಹೆಸರು ಹಾಕಲು ಮರೆತಿದ್ದಾಳೆ. ಸುಜಾತಾ ಎಂದು ತನ್ನ ಹೆಸರನ್ನೇ ಹೊಡೆದಿದ್ದಾಳೆ.

ಆ ಮೇಲಿನ ಹನ್ನೊಂದು ನಿಮಿಷ ಅವಳು ಗೋದಾಮಿನ ಬಾಗಿಲಿಗೂ ತಾಯಿಯ ರಾಶಿಗೂ ಎಷ್ಟು ಸಲ ಓಡಾಡಿದಳೋ. ಹೆಂಗಸರೆಲ್ಲ ಕೆಲಸ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಫೋನು ಟಿಣ್ ಅಂದಿತು.

‘ಹಾಯ್ ಸುಜಾತಾ. ಸ್ಪಷ್ಟವಾಗಿದೆ. ಒಂದು. ಮತ್ತೆ ಒಣಗಿಸಿದ ಮೇಲೆ ಮೀಟರಿನ ಫೋಟೋ ಕಳಿಸಿ. ಕಂಟೇನರು ತುಂಬುವ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಹೆಂಕ್.’

ಅವಳು ಜೋರಾಗಿ ಓದಿದಳು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಮತ್ತೆ ಕನ್ನಡದಲ್ಲಿ. ಅವನು ಸಿಟ್ಟಾಗಿಲ್ಲ. ಬೇರೆಯವರಿಂದ ಕೊಳ್ಳುತ್ತೇನೆಂದಿಲ್ಲ. ಹೆಸರು ಹಿಡಿದು ಬರೆದಿದ್ದಾನೆ. ಮೂರು ವರ್ಷ ಬರೆದ ಮೇಲೆ ಸಮುದ್ರದ ಆಚೆಗೆ ತಾನೂ ಒಬ್ಬಳಿದ್ದೇನೆಂದು ಮೊದಲ ಸಲ ಗೊತ್ತಾಗಿದೆ. ಸುಜಾತಾ ಯಾರ ಕೈಯನ್ನೋ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿದಳು, ಚೀಲಕ್ಕೆ ಎಡವಿದಳು, ಮತ್ತೆ ನಕ್ಕಳು.

“ಕುಣಿದಿದ್ದು ಸಾಕು,” ಅಂದಳು ದ್ರೌಪತಿ. “ಎಂಬತ್ತು ಚೀಲ ಬಿಚ್ಚಬೇಕು.”

ನಾಗನಾಥರಿಗೆ ಮಾತ್ರ ಸಂಜೆ ಆ ಇಮೇಲ್ ನೋಡಿ ಕೋಪ ಬಂತು. ಕೆಲಸ ಆಗಿದೆ, ಅದು ಬೇರೆ ಮಾತು. ಕೇಳದೆ ಕಳಿಸಿದ್ದು ಒಂದು, ತಮ್ಮ ಹೆಸರು ಬಿಟ್ಟದ್ದು ಇನ್ನೊಂದು.

“ಗುಡಾರ ಹರಿದಿತ್ತು ಅಂತ ಸೈತ ಬರದಿ. ಮನಿ ಮಾತು ಬೀದಿಗಿ ಹಾಕಿದಂಗಾತಲ್ಲ. ಹೋಗ್ಲಿ, ಈ ಸಲ ನಸೀಬ ಚೊಲೊ ಇತ್ತು. ಮಾರ್ಚಿನಿಂದ ಮುಂಬೈಯವನೇ ನೋಡ್ಲಿ.”

“ತಪ್ಪಾಯ್ತ್ರಿ ಸಾವುಕಾರ್ರ. ಫೋನ್ ಹತ್ತಲಿಲ್ಲರಿ,” ಅಂದಳು ಸುಜಾತಾ. ಖುಷಿ ಒಳಗೆ ಇನ್ನೂ ಪುಟಿಯುತ್ತಿತ್ತು, ಅದರ ಮೇಲೆಯೇ ಈ ಮಾತು ಬಿತ್ತು. ಈಗ ಬರೆಯಲು ಬರುತ್ತದೆ, ಈಗಲೇ ಬರೆಯುವಂತಿಲ್ಲ.

ಆದರೂ ಆ ನಾಲ್ಕು ಸಾಲಿನ ಇಮೇಲ್ ನಾಗನಾಥರ ತಲೆಯಲ್ಲಿ ಸುತ್ತುತ್ತಿತ್ತು ಎಂದು ಕಾಣುತ್ತದೆ. ಇಷ್ಟು ಸುಲಭವೇ ಅನ್ನಿಸಿರಬೇಕು. ಮುಂದಿನ ವಾರ ಹೈದರಾಬಾದಿನ ಮುಜಾಫರ್ ಸೇಠರಿಗೆ ತಾವೇ ಕೂತು ಇಮೇಲ್ ಬರೆದರು. ಮುಜಾಫರ್ ಸೇಠರು ಹದಿನೈದು ವರ್ಷದಿಂದ ಇವರ ಶುಂಠಿ ಕೊಂಡು ಗಲ್ಫ್ ದೇಶಗಳಿಗೆ ಕಳಿಸುವವರು. ಎರಡು ಟನ್ನು ಮತ್ತೆ ಒಣಗಿಸುವುದರಲ್ಲಿ ಅವರ ಮಾಲು ಹಿಂದೆ ಬಿದ್ದಿತ್ತು. ಅವರಿಗೆ ಹೋದ ಇಮೇಲ್ ಇಷ್ಟು: ‘ಈ ತಿಂಗಳು ನಿಮಗೆ ಮಾಲಿಲ್ಲ. ಮುಂದಿನ ತಿಂಗಳು ಕೊಡುತ್ತೇವೆ. ಬೇಕೋ ಬೇಡವೋ ತಿಳಿಸಿ.’

ಸೇಠರು ಇಮೇಲಿಗೆ ಉತ್ತರ ಬರೆಯಲಿಲ್ಲ. ಫೋನು ಮಾಡಿದರು. ಆಫೀಸಿನಲ್ಲಿದ್ದ ಸುಜಾತಾಳಿಗೂ ಕೇಳುವಷ್ಟು ನೊಂದ ದನಿ.

“ನಾಗನಾಥ್ ಸಾಬ್, ನಂದೇನ್ ತಪ್ಪಾಯ್ತು ಹೇಳ್ರಿ. ನಮ್ಮ ಹುಡುಗಿ ಶಾದಿಗಿ ಬಂದು ಊಟ ಮಾಡಿ ಹೋದವರು ನೀವು. ಬೇಕೋ ಬ್ಯಾಡೋ ಅಂತ ಕೇಳ್ತೀರಲ್ಲ. ಬ್ಯಾಡಂದ್ರ ಸೀದಾ ಹೇಳಿಬಿಡ್ರಿ, ನಾ ದೂರ ಸರೀತೀನಿ.”

ನಾಗನಾಥರು ಫೋನನ್ನು ಸುಜಾತಾಳ ಕೈಗೆ ತುರುಕಿದರು. ಅವಳು ಸಲಾಂ ಹೇಳಿ, ಮಗಳು ಗಂಡನ ಮನೆಯಲ್ಲಿ ಹೇಗಿದ್ದಾಳೆ ಕೇಳಿ, ಸೇಠರ ಹೆಂಡತಿ ಮಹಜಬೀನ್ ಬೇಗಂ ಅವರ ಮೊಣಕಾಲು ನೋವು ಕೇಳಿ, ರಂಜಾನ್ ಹತ್ತಿರ ಬಂತಲ್ಲ ಎಂದು ಮಾತು ಬೆಳೆಸಿ, ಹತ್ತು ನಿಮಿಷದ ಮೇಲೆ ಎರಡು ಟನ್ನು ಮತ್ತೆ ಒಣಗಿಸುತ್ತಿರುವ ಕತೆಗೆ ಬಂದು, ಹನ್ನೆರಡನೆಯ ನಿಮಿಷಕ್ಕೆ ಮುಂದಿನ ತಿಂಗಳಿಗೆ ಒಪ್ಪಿಸಿದಳು. ಸೇಠರು ನಗುತ್ತ ಫೋನಿಟ್ಟರು.

ನಾಗನಾಥರು ಬೆವರು ಒರೆಸಿಕೊಂಡರು. “ಅಲ್ಲ, ಹೆಂಕ್‌ಗಿ ನಾಲ್ಕ ಸಾಲು ನಡೀತು, ಇವರಿಗ್ಯಾಕ ನಡೀಲಿಲ್ಲ?”

“ಸಾವುಕಾರ್ರ, ಹೆಂಕ್‌ಗಿ ಅವನ ಟೈಮ್ ಉಳಸಿದ್ರ ಅದೇ ಮರ್ಯಾದಿರಿ. ಸೇಠರಿಗಿ ನಮ್ಮ ಟೈಮ್ ಕೊಟ್ರ ಮರ್ಯಾದಿರಿ. ಯಾರಿಗಿ ಯಾವ್ದು ಬೇಕು ಅಂತ ಮೊದಲು ನೋಡಬೇಕಾಗ್ತದರಿ.”

ಅವರು ಹೌದೆನ್ನುವಂತೆ ತಲೆಯಾಡಿಸಿದರು. ಆದರೆ ಕೊಟ್ಟ ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು, ಮುಂಬೈಯವನಿಗೆ ಹೇಳಿಯಾಗಿತ್ತು. ಫೆಬ್ರವರಿ ಮುಗಿಯಲು ಎರಡು ದಿನವಿರುವಾಗ ಹೆಂಕ್‌ಗೆ ಇಮೇಲ್ ಬರೆಯಲು ಸುಜಾತಾಳಿಗೇ ಹೇಳಿದರು. ಮಾರ್ಚಿನಿಂದ ನಮ್ಮ ಪರವಾಗಿ ಮುಂಬೈಯ ಏಜೆಂಟರು ನಿಮಗೆ ಬರೆಯುತ್ತಾರೆ, ಇದು ಅವರ ವಿಳಾಸ. ತನ್ನನ್ನು ತಾನೇ ತೆಗೆದುಹಾಕುವ ಪತ್ರವನ್ನು ಎರಡು ಸಾಲಿನಲ್ಲಿ ಬರೆಯುವಾಗ ಅವಳಿಗೆ ಹಳೆಯ ಮೂರಂತಸ್ತು ಬಹಳ ನೆನಪಾಯಿತು. ಅಲ್ಲಾದರೆ ದುಃಖವನ್ನು ಅಡಗಿಸಲು ಮೂಲೆಗಳಾದರೂ ಇದ್ದವು. ಈ ಸಲ ಮರೆಯದೆ ನಾಗನಾಥರ ಹೆಸರು ಹಾಕಿ ಕಳಿಸಿದಳು.

ಊಟ ಮುಗಿಸಿ ಬರುವಷ್ಟರಲ್ಲಿ ನಾಗನಾಥರು ಅವಳ ಕಂಪ್ಯೂಟರಿನ ಮುಂದೆ ನಿಂತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ ನೋಡುತ್ತಿದ್ದರು.

“ಇದೇನದ ನೋಡು. ಸಿಟ್ಟಾಗ್ಯಾನೋ ಏನೋ ನಂಗ ಇನ್ನೂ ತಿಳಿಯಂಗಿಲ್ಲ.”

ಹೆಂಕ್‌ನ ಇಮೇಲ್ ಮೂರೇ ಪದದ್ದು. ‘ಏಜೆಂಟ್ ಬೇಡ. ಸುಜಾತಾ.’

ಅವಳು ಓದಿದಳು. ಕುರ್ಚಿಯ ಬೆನ್ನು ಹಿಡಿದುಕೊಂಡು ಇನ್ನೊಮ್ಮೆ ಓದಿದಳು.

“ಸಿಟ್ಟಲ್ಲರಿ,” ಅಂದಳು. “ಇದು ಅವನ ಹೊಗಳಿಕೆ ಇರಬೇಕ್ರಿ.”

ನಾಗನಾಥರು ಸ್ವಲ್ಪ ಹೊತ್ತು ಕ್ಯಾಲೆಂಡರು ನೋಡಿದರು. ಆಮೇಲೆ ಅವಳ ಮುಖ ನೋಡಿದರು. ಕುರ್ಚಿಯನ್ನು ತಾವೇ ಅವಳ ಕಡೆ ಎಳೆದರು.

“ಕುಂದರು. ಆಯ್ತು ಅಂತ ಬರಿ. ಕೆಳಗ ನಿನ್ನ ಹೆಸರೇ ಹಾಕು.”

ಅವಳು ಕೂತಳು. ಬರೆಯಲು ಇದ್ದದ್ದು ಒಂದೇ ಪದ, ಆದರೂ ಪರದೆ ಮಂಜಾಗಿ ಕಾಣಲು ಶುರುವಾಗಿ ಸ್ವಲ್ಪ ತಡವಾಯಿತು. ಕಳಿಸಿದ ಮೇಲೆ ಮೊದಲು ಫೋನು ಮಾಡಿದ್ದು ಬಸವಕಲ್ಯಾಣಕ್ಕೆ. ಹಿಂದೆ ಹೆಂಗಸರ ಮಾತು, ಶುಂಠಿ ಟಕ್ ಟಕ್ ಮುರಿಯುವ ಸದ್ದು ಕೇಳುತ್ತಿತ್ತು. ಇದ್ದದ್ದನ್ನು ಹೇಳಿದಳು, ಈ ಸಲ ಮೊದಲ ಸಾಲಿನಲ್ಲೇ.

“ಅವ್ವ, ಇಮೇಲ್ ನಾನೇ ಬರೀತೀನಿ. ನನ್ನ ಹೆಸರಿಲೆ.”

ದ್ರೌಪತಿಯ ಕೈಯಲ್ಲಿನ ಟಕ್ ಟಕ್ ನಿಂತಿತು.

“ಚೊಲೊ ಅದ,” ಅಂದಳು, ಫೋನು ಇಟ್ಟಳು.